ಅಕ್ಕನ ಡ್ಯೂಟಿಯ ವಿಡಿಯೊ: ರೋಗಿ ಕಾಣಬಾರದು, ಕೆಲಸ ಕಾಣಬೇಕು

ಪ್ರಶ್ನೆ: ನನ್ನ ಅಕ್ಕ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಾವು ಕುಂದಾಪುರ ಕಡೆಯವರು, ಈಗ ಡೊಂಬಿವಲಿಯಲ್ಲಿದ್ದೇವೆ. ಅವಳ ಒಂದು ದಿನದ ಮೇಲೆ ಹತ್ತು ನಿಮಿಷದ ಕನ್ನಡ ವಿಡಿಯೊ ಮಾಡಬೇಕು ಅಂತ ಆಸೆ. ಒಂದು ಮಧ್ಯಾಹ್ನ ಶೂಟ್ ಮಾಡಿಕೊಳ್ಳಿ ಅಂತ ಆಸ್ಪತ್ರೆಯವರು ಬಾಯಿಮಾತಲ್ಲಿ ಹೇಳಿದ್ದಾರೆ. ರೋಗಿಗಳ ಮುಖ ಬ್ಲರ್ ಮಾಡಿದರೆ ಸಾಕಾ? ರೋಗಿಗಳೇ ಇಲ್ಲದಿದ್ದರೆ ವಿಡಿಯೊ ಸಪ್ಪೆ ಆಗುವುದಿಲ್ಲವಾ? ಸ್ಕ್ರಿಪ್ಟ್ ಹೇಗೆ ಬರೆಯಲಿ?

ಉತ್ತರ:

ಬ್ಲರ್ ಸಾಲದು. ಯಾಕೆ ಅಂತ ಹೇಳುವುದಕ್ಕೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕು.

ಆಸ್ಪತ್ರೆಗಳಿಗೆ ತರಬೇತಿ ವಿಡಿಯೊ ಬರೆದುಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಮುಂಬೈಯ ಒಂದು ವಾರ್ಡಿನಲ್ಲಿ ಸಿಸ್ಟರ್ ಒಬ್ಬರು ಔಷಧದ ಕಪಾಟು ತೆಗೆಯುವ ಶಾಟ್ ತೆಗೆದೆವು. ರೋಗಿಗಳು ಯಾರೂ ಫ್ರೇಮಿನಲ್ಲಿ ಇರಲಿಲ್ಲ. ಕಪಾಟಿಗೆ ಗಾಜಿನ ಬಾಗಿಲು. ಅದರಲ್ಲಿ ಎದುರು ಗೋಡೆಯ ಬಿಳಿ ಬೋರ್ಡ್ ಮೂರು ಸೆಕೆಂಡ್ ಕಾಣುತ್ತಿತ್ತು. ಬೆಡ್ ನಂಬರ್, ಹೆಸರು, ಕಾಯಿಲೆ ಎಲ್ಲ ಅದರಲ್ಲಿ ಬರೆದಿತ್ತು. ಅಕ್ಷರ ಉಲ್ಟಾ ಇದ್ದವು, ಹಾಗಾಗಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಯಾರೋ ಸ್ಕ್ರೀನ್‌ಶಾಟ್ ತೆಗೆದು ತಿರುಗಿಸಿ ನೋಡಿದರು. ಒಬ್ಬರು ತಮಗೆ ಟಿಬಿ ಆಗಿದೆ ಅಂತ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಅವರ ಮಗಳು ಫೋನ್ ಮಾಡಿ ಅತ್ತಳು. ಒಂದು ಗಂಟೆಯೊಳಗೆ ವಿಡಿಯೊ ಅಳಿಸಿದೆವು. ಆದರೆ ಅಷ್ಟು ಹೊತ್ತಿಗೆ ಆ ಚಿತ್ರ ವಾಟ್ಸ್ಯಾಪ್‌ನಲ್ಲಿ ಊರು ಸೇರಿ ಆಗಿತ್ತು. ಅದನ್ನು ವಾಪಸ್ ತರುವ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ.

ನಿಮಗೆ ಈ ಅಪಾಯ ಇನ್ನೂ ಜಾಸ್ತಿ. ಮುಂಬೈಯಲ್ಲಿ ಕೋಟಿಗಟ್ಟಲೆ ಜನ ಇದ್ದಾರೆ, ಯಾರಿಗೆ ಯಾರು ಗೊತ್ತು ಅಂತ ಅನ್ನಿಸುತ್ತದೆ. ಆದರೆ ನಿಮ್ಮದು ಕನ್ನಡ ವಿಡಿಯೊ. ಅದನ್ನು ನೋಡುವವರು ಮಾಟುಂಗದವರು, ಮುಲುಂಡಿನವರು, ಡೊಂಬಿವಲಿಯವರು, ಆಮೇಲೆ ಕುಂದಾಪುರ, ಉಡುಪಿ ಕಡೆಯ ಫ್ಯಾಮಿಲಿ ಗ್ರೂಪಿನವರು. ವಾರ್ಡಿನಲ್ಲಿ ಒಬ್ಬ ಅಜ್ಜ ಕುಂದಾಪುರ ಕನ್ನಡದಲ್ಲಿ ಎರಡು ಮಾತಾಡಿದರೂ ಸಾಕು. ಮುಖ ಇಲ್ಲದೆಯೇ "ಇವರು ನಮ್ಮ ಇಂಥವರ ಅಪ್ಪ ಅಲ್ವಾ, ಘಾಟ್ಕೋಪರಿನಲ್ಲಿ ಹೋಟೆಲ್ ಇತ್ತಲ್ಲ" ಅಂತ ಗುರುತು ಹಿಡಿಯುತ್ತಾರೆ. ಬ್ಲರ್ ಮಾಡಿದರೆ ಮುಖ ಮಾತ್ರ ಹೋಗುತ್ತದೆ. ದನಿ, ನಡಿಗೆ, ಪಕ್ಕದಲ್ಲಿ ಕೂತ ಹೆಂಡತಿಯ ಸೀರೆ, ಬೆಡ್ ನಂಬರ್, ವಿಡಿಯೊದ ತಾರೀಖು, ಇವೆಲ್ಲ ಉಳಿದುಕೊಳ್ಳುತ್ತವೆ. ಗುರುತು ಸಿಗುವುದು ಇವೆಲ್ಲ ಕೂಡಿದಾಗ.

ಹಾಗಾಗಿ ಮೊದಲ ತೀರ್ಮಾನವನ್ನು ಸ್ಕ್ರಿಪ್ಟ್ ಬರೆಯುವಾಗಲೇ ಮಾಡಿ: ನಿಜವಾದ ರೋಗಿ ಫ್ರೇಮಿನಲ್ಲೂ ಇಲ್ಲ, ಮೈಕಿನಲ್ಲೂ ಇಲ್ಲ. ಎಡಿಟಿಂಗ್‌ನಲ್ಲಿ ಅಳಿಸೋಣ ಅಂತ ಇಟ್ಟುಕೊಳ್ಳಬೇಡಿ. ಹೀಗೆ ಮಾಡಿದರೆ ವಿಡಿಯೊ ಸಪ್ಪೆ ಆಗುತ್ತದಾ ಅಂತ ಕೇಳಿದ್ದೀರಿ. ನರ್ಸ್ ಕೆಲಸವನ್ನು ಹತ್ತಿರದಿಂದ ತೋರಿಸಿದರೆ ಆಗುವುದಿಲ್ಲ. ಸಪ್ಪೆ ಆಗುವುದು ಕೆಲಸ ಗೊತ್ತಿಲ್ಲದೆ ಬರೆದಾಗ. ಆಗ ತೋರಿಸುವುದಕ್ಕೆ ರೋಗಿಯ ನೋವು ಬಿಟ್ಟು ಬೇರೆ ಏನೂ ಉಳಿದಿರುವುದಿಲ್ಲ.

ಕೆಲಸ ಗೊತ್ತಾಗಬೇಕಾದರೆ ಕ್ಯಾಮೆರಾ ಮುಟ್ಟುವ ಮೊದಲು ಒಂದು ವಾರ ಅಕ್ಕನ ಹತ್ತಿರ ಹೀಗೆ ಮಾಡಿಸಿ. ಡ್ಯೂಟಿ ಮುಗಿದು ಲೋಕಲ್ ಹತ್ತಿದ ಮೇಲೆ ಅವತ್ತು ಯಾವ ಗಂಟೆಯಲ್ಲಿ ಏನೇನು ಮಾಡಿದೆ ಅಂತ ಫೋನಿನಲ್ಲಿ ಬರೆದುಕೊಳ್ಳಲಿ. ರೋಗಿಯ ಹೆಸರು, ಬೆಡ್, ಕಾಯಿಲೆ ಏನೂ ಬೇಡ. ಕೆಲಸ ಮಾತ್ರ. ನಾನು ಹೀಗೆ ಬರೆಸಿಕೊಂಡ ಒಂದು ಬೆಳಗಿನ ಪಾಳಿಯ ಪಟ್ಟಿಯಲ್ಲಿ ಏಳು ಗಂಟೆಯ ಡ್ಯೂಟಿಗೆ ಹೆಚ್ಚು ಕಡಿಮೆ ಎರಡು ಗಂಟೆ ಬರೀ ಬರೆಯುವುದಕ್ಕೇ ಹೋಗಿತ್ತು: ಬಿಪಿ, ಜ್ವರ, ಕೊಟ್ಟ ಔಷಧ, ಕುಡಿದ ನೀರು, ಹೋದ ಮೂತ್ರ. ಫಾರ್ಮಸಿಯಿಂದ ಬಾರದ ಒಂದು ಇಂಜೆಕ್ಷನ್‌ಗೆ ನಾಲ್ಕು ಸಲ ಫೋನ್. ಇಂಥ ಸಂಗತಿ ಸಿನಿಮಾದಲ್ಲಿ ಬರುವುದಿಲ್ಲ. ನಿಮ್ಮ ಸ್ಕ್ರಿಪ್ಟ್ ನಿಜ ಅನ್ನಿಸುವುದು ಇದರಿಂದಲೇ. ಪಟ್ಟಿಯಲ್ಲಿ ಜಾಸ್ತಿ ಹೊತ್ತು ತಿಂದ ಕೆಲಸಕ್ಕೆ ವಿಡಿಯೊದಲ್ಲೂ ಜಾಸ್ತಿ ಜಾಗ ಕೊಡಿ. ವಾರಕ್ಕೊಮ್ಮೆ ಆಗುವ ಎಮರ್ಜೆನ್ಸಿಯನ್ನು ದಿನಾ ನಡೆಯುವುದು ಅನ್ನೋ ಹಾಗೆ ತೋರಿಸಿದರೆ ಅದು ಸುಳ್ಳು, ಪ್ರತಿಯೊಂದು ಶಾಟ್ ನಿಜವಾಗಿದ್ದರೂ.

ಆ ಪಟ್ಟಿಯಿಂದ ಮೂರು ಕೆಲಸ ಆರಿಸಿ. ಮೂರಕ್ಕಿಂತ ಜಾಸ್ತಿ ಬೇಡ. ಕನ್ನಡದಲ್ಲಿ ನಿಧಾನವಾಗಿ, ಕೇಳುವ ಹಾಗೆ ಓದಿದರೆ ನಿಮಿಷಕ್ಕೆ 90ರಿಂದ 100 ಪದ ಹೋಗುತ್ತವೆ ಅನ್ನುವುದು ನನ್ನ ಲೆಕ್ಕ. ಹತ್ತು ನಿಮಿಷದಲ್ಲಿ ಅರ್ಧ ಹೊತ್ತು ಮಾತು, ಅರ್ಧ ಹೊತ್ತು ಕೆಲಸದ ಸದ್ದು ಇರಲಿ. ಅಂದರೆ ನಿಮಗೆ ಸಿಗುವುದು ಹೆಚ್ಚೆಂದರೆ 500 ಪದ.

ಉದಾಹರಣೆಗೆ ಒಂದು ಕೆಲಸವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ: ತಿಂಡಿಗೆ ಮೊದಲಿನ ಇನ್ಸುಲಿನ್. ಮೆಡಿಸಿನ್ ವಾರ್ಡಿನಲ್ಲಿ ದಿನಾ ಬೆಳಗ್ಗೆ ನಡೆಯುವ ಕೆಲಸ. ನೋಡುವವರ ಮನೆಯಲ್ಲೂ ಒಬ್ಬರಿಗಾದರೂ ಶುಗರ್ ಇರುತ್ತದೆ, ಹಾಗಾಗಿ ಗಮನ ಕೊಟ್ಟು ನೋಡುತ್ತಾರೆ.

ಹೊರಗಿನವರಿಗೆ ಇದು ಒಂದು ಚುಚ್ಚು, ಹತ್ತು ಸೆಕೆಂಡ್. ಒಳಗೆ ಏನೇನಿದೆ ನೋಡಿ. ಮೊದಲು ಗ್ಲುಕೋಮೀಟರ್‌ನಲ್ಲಿ ಶುಗರ್ ನೋಡಬೇಕು. 70ಕ್ಕಿಂತ ಕಡಿಮೆ ಬಂದರೆ ಇನ್ಸುಲಿನ್ ತಡೆದು, ಸಕ್ಕರೆ ಏರಿಸುವ ಕೆಲಸ ಮೊದಲು, ಡಾಕ್ಟರಿಗೆ ಫೋನ್. ಸರಿ ಇದ್ದರೆ ಚಾರ್ಟಿನ ಆರ್ಡರ್ ನೋಡಬೇಕು: ಯಾವ ಇನ್ಸುಲಿನ್, ಎಷ್ಟು ಯೂನಿಟ್, ಯಾವ ಹೊತ್ತಿಗೆ. ಆಮೇಲೆ ಫ್ರಿಜ್ಜಿನಿಂದ ಬಾಟಲಿ. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಎರಡು ಗಾಢತೆಯಲ್ಲಿ ಸಿಗುತ್ತದೆ, ಒಂದು ಮಿಲಿಯಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಸಿರಿಂಜಿನ ಗೆರೆಗಳು ಅದಕ್ಕೆ ತಕ್ಕ ಹಾಗೆ ಹಾಕಿರುತ್ತಾರೆ. ಅದಲು ಬದಲಾದರೆ ಏನಾಗುತ್ತದೆ? 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ಅದಕ್ಕೇ ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬ ಸಿಸ್ಟರ್ ಬಂದು ಬಾಟಲಿ, ಸಿರಿಂಜ್, ಚಾರ್ಟ್ ಮೂರನ್ನೂ ನೋಡುತ್ತಾರೆ. ಆಮೇಲೆ ರೋಗಿಯ ಹತ್ತಿರ ಹೋಗಿ ಹೆಸರು ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯ ನಂಬರ್ ಚಾರ್ಟಿನ ಜೊತೆ ಹೊಂದಿಸುತ್ತಾರೆ. ತಿಂಡಿ ಗಾಡಿ ಬರುತ್ತಿದೆಯಾ ಅಂತಲೂ ನೋಡಬೇಕು. ಇನ್ಸುಲಿನ್ ಹೋಗಿ ತಿಂಡಿ ತಡವಾದರೆ ಶುಗರ್ ಇಳಿಯುತ್ತದೆ. ಕೊನೆಗೆ, ಸೂಜಿಗೆ ಮುಚ್ಚಳ ವಾಪಸ್ ಹಾಕದೆ ಇಡೀ ಸಿರಿಂಜನ್ನು ಚೂಪಾದ ವಸ್ತುಗಳ ಬಿಳಿ ಡಬ್ಬಕ್ಕೆ. ಇನ್ಸುಲಿನ್ ಸಿರಿಂಜಿನಲ್ಲಿ ಸಾಮಾನ್ಯವಾಗಿ ಸೂಜಿ ಬೇರೆಯಾಗುವುದಿಲ್ಲ, ಅದಕ್ಕೆ ಪ್ಲಾಸ್ಟಿಕ್ ಕಸದ ಕೆಂಪು ಚೀಲಕ್ಕೆ ಹಾಕುವ ಹಾಗಿಲ್ಲ. ಆಮೇಲೆ ಬರೆದು ಸಹಿ.

ಈಗ ಇದನ್ನು ಶೂಟ್ ಮಾಡುವುದು ಹೇಗೆ? ನಿಜವಾಗಿ ನಡೆಯುವಾಗ ಖಂಡಿತ ಬೇಡ. ಔಷಧ ತಯಾರು ಮಾಡುವಾಗ ಮಧ್ಯೆ ಮಾತಾಡಿಸಿದರೆ ತಪ್ಪಾಗುವ ಸಾಧ್ಯತೆ ಜಾಸ್ತಿ ಅಂತ ನರ್ಸಿಂಗ್ ಓದಿದವರಿಗೆ ಗೊತ್ತು. ಕೆಲವು ಆಸ್ಪತ್ರೆಗಳಲ್ಲಿ ಆ ಹೊತ್ತಿಗೆ "ಮಾತಾಡಿಸಬೇಡಿ" ಅಂತ ಬರೆದ ಏಪ್ರನ್ ಹಾಕಿಕೊಳ್ಳುವುದೂ ಇದೆ. ಕ್ಯಾಮೆರಾ ಅಂದರೆ ಅದೂ ಮಾತಾಡಿಸಿದ ಹಾಗೇ. "ಅಕ್ಕ, ಇನ್ನೊಂದ್ಸಲ ಈ ಕಡೆ ತಿರುಗಿ ಎಳಿ" ಅಂತ ನೀವು ಹೇಳಿದ ಆ ಕ್ಷಣದಲ್ಲಿ ಅವಳ ಲೆಕ್ಕ ತಪ್ಪಬಹುದು.

ಹಾಗಾಗಿ ಆಸ್ಪತ್ರೆಯವರು ಕೊಟ್ಟ ಮಧ್ಯಾಹ್ನವನ್ನು ಹೀಗೆ ಬಳಸಿ. ಬೆಳಗಿನ ಪಾಳಿ ಮುಗಿದು, ಅಕ್ಕ ಮುಂದಿನ ಪಾಳಿಯವರಿಗೆ ಓವರ್ ಕೊಟ್ಟ ಮೇಲೆ, ಅಂದರೆ ರೋಗಿಗಳ ವಿವರ ಹೇಳಿ ಒಪ್ಪಿಸಿದ ಮೇಲೆ, ಶೂಟ್ ಶುರು ಮಾಡಿ. ಆಗ ಅವಳು ಡ್ಯೂಟಿಯಲ್ಲಿ ಇಲ್ಲ, ಯಾವ ರೋಗಿಯೂ ಅವಳಿಗೆ ಕಾಯುತ್ತಿಲ್ಲ. ನರ್ಸಿಂಗ್ ಕಾಲೇಜು ಜೊತೆಗಿದ್ದರೆ ಅಲ್ಲಿನ ಅಭ್ಯಾಸದ ಕೊಠಡಿ ಕೇಳಿ, ಅಲ್ಲಿ ಮಂಚ, ಬೊಂಬೆ, ಟ್ರಾಲಿ ಎಲ್ಲ ಇರುತ್ತವೆ. ಇಲ್ಲದಿದ್ದರೆ ಖಾಲಿ ಇರುವ ಒಂದು ರೂಮು. ಬಾಟಲಿಯಲ್ಲಿ ನೀರು, ಕಂಪನಿಯ ಹೆಸರಿನ ಮೇಲೆ ಬಿಳಿ ಟೇಪ್. ಚಾರ್ಟು ಹೊಸದು, ಖಾಲಿ ಹಾಳೆಯಿಂದ ಶುರು. ಹಳೇ ಚಾರ್ಟಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಆಯಿತು ಅಂತ ಅಂದುಕೊಳ್ಳಬೇಡಿ, ಕೈ ಜರುಗುತ್ತದೆ.

ಸ್ಕ್ರಿಪ್ಟಿನಲ್ಲಿ ಇದು ಹೀಗೆ ಬರಬಹುದು. ಕೆಳಗಿನದು ಸುಮಾರು ಎರಡು ನಿಮಿಷದ್ದು.

ದೃಶ್ಯ: ಎರಡು ಕೈ, ತೊಳೆದ ಒದ್ದೆ ಇನ್ನೂ ಆರಿಲ್ಲ. ಟ್ರೇ ಮೇಲೆ ಒಂದು ಕೆಂಪು ಮುಚ್ಚಳ, ಒಂದು ಕಿತ್ತಳೆ ಮುಚ್ಚಳ.
ಪರದೆಯ ಮೇಲೆ, ದೃಶ್ಯ ಮುಗಿಯುವ ತನಕ: "ಡ್ಯೂಟಿ ಮುಗಿದ ಮೇಲೆ ಮತ್ತೆ ಮಾಡಿ ತೋರಿಸಿದ್ದು. ಬಾಟಲಿಯಲ್ಲಿ ಇರುವುದು ನೀರು."
ಅಕ್ಕ: "ಇವೆರಡೂ ನೋಡೋಕೆ ಒಂದೇ ತರ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟರೆ ನನಗೂ ತಟ್ಟನೆ ಗೊತ್ತಾಗಲ್ಲ. ಅದಕ್ಕೆ ಮುಚ್ಚಳ ತೆಗೆಯೋ ಮೊದಲೇ ಬಾಟಲಿ ಪಕ್ಕ ಇಟ್ಟು ನೋಡ್ತೀನಿ."
ದೃಶ್ಯ: ಬಾಟಲಿಯ ಮೇಲಿನ 40 ಅನ್ನುವ ಅಂಕಿ. ಕೆಂಪು ಮುಚ್ಚಳ ಅದರ ಪಕ್ಕಕ್ಕೆ ಬರುತ್ತದೆ.
ಸದ್ದು: ಮಾತಿಲ್ಲ. ಸಿರಿಂಜಿಗೆ ಬೆರಳಿಂದ ತಟ್ಟುವ ಸದ್ದು, ಎರಡು ಸಲ.
ದೃಶ್ಯ: ಇನ್ನೊಂದು ಜೋಡಿ ಕೈ ಫ್ರೇಮಿಗೆ ಬರುತ್ತದೆ, ಸಿರಿಂಜನ್ನು ಬೆಳಕಿಗೆ ಹಿಡಿಯುತ್ತದೆ.
ಅಕ್ಕ: "ಇವಳು ನನ್ನ ಜೊತೆಯವಳು. ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೋಡ್ತಿಲ್ಲ. ನಾನು ಬೆಳಗಿನ ಜಾವವೇ ಮನೆ ಬಿಟ್ಟಿದ್ದೀನಿ. ಸುಸ್ತಾದ ಕಣ್ಣು ಇರಬೇಕು ಅಂದ್ಕೊಂಡದ್ದನ್ನೇ ನೋಡುತ್ತೆ."
ದೃಶ್ಯ: ಖಾಲಿ ಮಂಚದ ಪಕ್ಕ ಅಕ್ಕ, ಬಾಗಿಲ ಕಡೆ ನೋಡುತ್ತಾಳೆ.
ಅಕ್ಕ: "ತಿಂಡಿ ಗಾಡಿ ಸದ್ದು ಕೇಳಿಸಬೇಕು. ಅದು ಬರೋತನಕ ಚುಚ್ಚಲ್ಲ."

ಇಷ್ಟೇ. ಇದರಲ್ಲಿ ರೋಗಿ ಇಲ್ಲ, ಆದರೂ ಒಬ್ಬ ಮನುಷ್ಯನ ಜೀವ ಈ ಕೈಗಳಲ್ಲಿದೆ ಅಂತ ನೋಡುವವರಿಗೆ ತಿಳಿಯುತ್ತದೆ. ಅಕ್ಕನ ಮಾತನ್ನು ನೀವು ಬರೆದುಕೊಡಬೇಡಿ. ಮೇಲಿನದು ನಾನು ಮಾದರಿಗೆ ಬರೆದದ್ದು. ನೀವು ಪ್ರಶ್ನೆ ಮಾತ್ರ ಬರೆದುಕೊಳ್ಳಿ: "ಇದನ್ನು ಯಾಕೆ ಇಬ್ಬರು ನೋಡ್ತೀರಿ?" ಅವಳು ಕುಂದಾಪುರ ಕನ್ನಡದಲ್ಲೇ ಹೇಳಲಿ, ನಡುವೆ ಮರಾಠಿ ಬಂದರೆ ಬರಲಿ. ಮುಂಬೈಯ ವಾರ್ಡಿನಲ್ಲಿ ಆಯಾಗೆ ಮಾವ್ಶಿ, ವಾರ್ಡ್‌ಬಾಯ್‌ಗೆ ಮಾಮಾ ಅನ್ನುತ್ತಾರೆ. ಆ ಮಾತನ್ನು ಶುದ್ಧ ಮಾಡಲು ಹೋಗಬೇಡಿ.

ಪರದೆಯ ಮೇಲಿನ ಆ ಒಂದು ಸಾಲನ್ನು ಹಲವರು ಬಿಡುತ್ತಾರೆ, ನೋಡುವವರ ಮೂಡ್ ಕೆಡುತ್ತದೆ ಅಂತ. ಆದರೆ ಅದನ್ನು ಬಿಟ್ಟರೆ ಎರಡು ತೊಂದರೆ. ಇದು ನಿಜವಾದ ಇಂಜೆಕ್ಷನ್ ಅಂತ ನಂಬಿದವರು "ರೋಗಿಯ ಹತ್ತಿರ ಕ್ಯಾಮೆರಾ ಬಿಟ್ಟಿದ್ದಾರೆ" ಅಂತ ಅಕ್ಕನ ಮೇಲೆ ದೂರು ಕೊಡಬಹುದು. ಇನ್ನೊಂದು, ಒಂದು ದೃಶ್ಯ ನಾಟಕ ಅಂತ ಗೊತ್ತಾದರೆ ಉಳಿದ ಎಂಟು ನಿಮಿಷವನ್ನೂ ಯಾರೂ ನಂಬುವುದಿಲ್ಲ.

ಇದರ ಜೊತೆಗೇ ಇನ್ನೊಂದು ಮಾತು. ಅಕ್ಕ ರೋಗಿಗಳ ಬಗ್ಗೆ ಏನಾದರೂ ಹೇಳಿಯೇ ಹೇಳುತ್ತಾಳೆ. ಆಗ ವಿವರ ತೆಗೆಯಿರಿ, ಬದಲಾಯಿಸಬೇಡಿ. "ಕಾರ್ಕಳದ 62 ವರ್ಷದ ಹೋಟೆಲಿನವರು, ಪಾರ್ಶ್ವವಾಯು" ಅನ್ನುವುದನ್ನು "ಒಬ್ಬ ಹಿರಿಯರು, ಮಾತು ನಿಂತುಹೋಗಿತ್ತು" ಅಂತ ಮಾಡಬಹುದು. ಅದು ನಿಜವೇ, ಕಡಿಮೆ ಹೇಳಿದ್ದು ಅಷ್ಟೆ. ಆದರೆ ಗುರುತು ಸಿಗಬಾರದು ಅಂತ "ಸಾತಾರದ ಒಬ್ಬ ಟೀಚರಮ್ಮ" ಅಂತ ಮಾಡಿದರೆ ನೀವು ಕಥೆ ಕಟ್ಟಿದ ಹಾಗೆ. ಕಾಯಿಲೆ ತುಂಬ ಅಪರೂಪದ್ದಾಗಿದ್ದರೆ ವಿವರ ತೆಗೆದರೂ ಸಾಲುವುದಿಲ್ಲ, ಆ ಪ್ರಸಂಗವನ್ನೇ ಬಿಡಿ.

ಸಾವಿನ ವಿಷಯ ಬರುತ್ತದೆ. ನರ್ಸ್ ದಿನಚರಿಯಲ್ಲಿ ಅದನ್ನು ಪೂರ್ತಿ ಬಿಟ್ಟರೆ ಪ್ರಾಮಾಣಿಕ ಆಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಅವತ್ತಿನ ಸಾವನ್ನು ಅವತ್ತೇ ಹೇಳಬಾರದು. ತಾರೀಖು ಮತ್ತು ವಾರ್ಡ್ ಸೇರಿದರೆ ಮನೆಯವರಿಗೆ ತಮ್ಮವರದ್ದೇ ಅಂತ ತಿಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟು, ಯಾರು ಅನ್ನುವುದನ್ನು ಬಿಟ್ಟು, ಅವಳು ಏನು ಮಾಡಿದಳು ಅನ್ನುವುದನ್ನು ಕೇಳಿ. ನನಗೆ ಒಬ್ಬ ಸಿಸ್ಟರ್ ಹೇಳಿದ್ದು ಹೀಗೆ: ಡಾಕ್ಟರ್ ಬರೆದು ಹೋದ ಮೇಲೆ ಪೈಪುಗಳನ್ನೆಲ್ಲ ತೆಗೆದು, ಮುಖ ಒರೆಸಿ, ಕೂದಲು ಸರಿ ಮಾಡಿ, ಮಾವ್ಶಿ ಜೊತೆ ಸೇರಿ ಬಟ್ಟೆ ಹೊದಿಸಿದರಂತೆ. ಕನ್ನಡಕ, ಉಂಗುರ, ಫೋನು, ಒಂದು ಚಪ್ಪಲಿ ಜೊತೆ, ಎಲ್ಲ ಪಟ್ಟಿ ಮಾಡಿ ಮನೆಯವರ ಸಹಿ ತೆಗೆದುಕೊಂಡರಂತೆ. ಆಮೇಲೆ ಪಕ್ಕದ ಬೆಡ್‌ನವರು ನೀರು ಕೇಳಿದರು, ಕೊಡಲು ಹೋದೆ ಅಂದರು. ಅದರ ಮೇಲೆ ನಾವು ಇಟ್ಟ ದೃಶ್ಯ ಒಂದೇ: ಬೇರೆ ದಿನ, ಖಾಲಿ ರೂಮಿನಲ್ಲಿ ಅವರು ಒಂದು ಹಾಸಿಗೆಗೆ ಬಿಳಿ ಬೆಡ್‌ಶೀಟ್ ಹಾಕಿ, ಮೂಲೆಯನ್ನು ಮಡಚಿ ಒಳಗೆ ಸೇರಿಸುವುದು. ಹಿನ್ನೆಲೆಗೆ ಸಂಗೀತ ಹಾಕಲಿಲ್ಲ. ನೀವೂ ಹಾಕಬೇಡಿ.

ಈಗ ಸದ್ದಿನ ಬಗ್ಗೆ. ಚಿತ್ರದಲ್ಲಿ ಎಷ್ಟೇ ಜಾಗ್ರತೆ ಮಾಡಿದರೂ ಗುಟ್ಟು ಹೊರಗೆ ಹೋಗುವುದು ಜಾಸ್ತಿ ಮೈಕಿನಿಂದ. ಅಕ್ಕನ ಕಾಲರಿಗೆ ಚಿಕ್ಕ ಮೈಕ್ ಹಾಕುತ್ತೀರಿ, ಅವಳು ವರಾಂಡದಲ್ಲಿ ನಡೆಯುತ್ತಾಳೆ, ಆರು ಜನ "ಸಿಸ್ಟರ್, ನನ್ನ ರಿಪೋರ್ಟ್ ಏನಾಯ್ತು" ಅನ್ನುತ್ತಾರೆ. ಎಲ್ಲ ರೆಕಾರ್ಡ್ ಆಗುತ್ತದೆ. ಹಾಗಾಗಿ ವಾರ್ಡಿನ ಹತ್ತಿರ ತೆಗೆಯುವ ಯಾವ ಶಾಟ್‌ಗೂ ಮೈಕ್ ಬೇಡ. ಕೆಲಸದ ಸದ್ದನ್ನು ಆಮೇಲೆ ಖಾಲಿ ರೂಮಿನಲ್ಲಿ ಬೇರೆ ತೆಗೆದುಕೊಳ್ಳಿ: ಟ್ರಾಲಿ ಚಕ್ರ, ಗ್ಲೌಸ್ ಎಳೆಯುವುದು, ಬಿಪಿ ಪಟ್ಟಿ ಬಿಡಿಸುವಾಗಿನ ಚರ್ ಸದ್ದು, ಪೆನ್ನು. ಪಾಳಿ ಬದಲಾಗುವಾಗಿನ ಓವರ್ ಅಂತೂ ಪೂರ್ತಿ ರೋಗಿಗಳ ವಿಷಯವೇ. ಅದನ್ನು ತೋರಿಸಲೇಬೇಕು ಅನ್ನಿಸಿದರೆ ಇಬ್ಬರು ಸಿಸ್ಟರುಗಳಿಗೆ ಇಲ್ಲದ ಒಬ್ಬ ರೋಗಿಯ ಚಾರ್ಟ್ ಮಾಡಿಕೊಟ್ಟು, ಮಾದರಿ ಅಂತ ಪರದೆ ಮೇಲೆ ಬರೆದು ಮಾಡಿಸಿ.

ನಿಜವಾದ ರೋಗಿಯೊಬ್ಬರು ತಾವಾಗಿಯೇ "ನನ್ನ ಮಾತೂ ಹಾಕಿ" ಅಂದರೆ? ಆಗಲೂ ಅವಸರ ಬೇಡ. ಆಸ್ಪತ್ರೆಯ ಬಟ್ಟೆ ಹಾಕಿಕೊಂಡು ಮಲಗಿದವರು ಸಿಸ್ಟರ್ ತಮ್ಮನಿಗೆ ಇಲ್ಲ ಅನ್ನುವುದು ಕಷ್ಟ. ಇಲ್ಲ ಅಂದರೆ ಅಕ್ಕ ಬೇಜಾರು ಮಾಡಿಕೊಂಡಾಳು ಅನ್ನುವ ಅಳುಕು ಇದ್ದೇ ಇರುತ್ತದೆ. ಕೇಳುವವರು ಅಕ್ಕನೂ ಆಗಬಾರದು, ನೀವೂ ಆಗಬಾರದು. ಆಸ್ಪತ್ರೆಯ ಸಮಾಜ ಕಾರ್ಯಕರ್ತರಂಥ ಮೂರನೆಯವರು ಅವರ ಭಾಷೆಯಲ್ಲಿ ಕೇಳಲಿ. ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೇಲೆ ಇನ್ನೊಮ್ಮೆ ಕೇಳಿ, ಎಡಿಟ್ ಆದ ತುಣುಕನ್ನು ತೋರಿಸಿ, ಆಮೇಲೆ ಸಹಿ. ಒಮ್ಮೆ ಹೊರಗೆ ಬಂದ ವಿಡಿಯೊವನ್ನು ನಾವು ಅಳಿಸಿದರೂ ಬೇರೆಯವರ ಫೋನಿನಲ್ಲಿ ಉಳಿಯಬಹುದು ಅಂತ ಅವರಿಗೆ ಬಾಯಿಬಿಟ್ಟು ಹೇಳಬೇಕು. ಅಡ್ಮಿಷನ್ ವೇಳೆ ಸಹಿ ಹಾಕಿದ ಫಾರ್ಮ್ ಚಿಕಿತ್ಸೆಗೆ, ನಿಮ್ಮ ವಿಡಿಯೊಗೆ ಅಲ್ಲ. ಎಚ್ಚರ ಇರುವ ದೊಡ್ಡವರ ಪರವಾಗಿ ಮಗ, ಸೊಸೆ ಒಪ್ಪಿದರೆ ಅದು ಒಪ್ಪಿಗೆ ಅಲ್ಲ. ಮಕ್ಕಳು, ಐಸಿಯು, ಹೆರಿಗೆ ವಾರ್ಡ್, ಮಾನಸಿಕ ಚಿಕಿತ್ಸೆಯ ವಾರ್ಡ್ ಪೂರ್ತಿ ಬಿಡಿ ಅಂತಲೇ ನನ್ನ ಸಲಹೆ.

ಕಾನೂನು ಗೊತ್ತಿರಲಿ ಅಂತ ಚುಟುಕಾಗಿ ಹೇಳುತ್ತೇನೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ ಗೌಪ್ಯತೆ ಒಂದು ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರೆಲ್ಲ ಮಕ್ಕಳೇ. ಇದಕ್ಕಿಂತ ಹತ್ತಿರದ ಅಪಾಯ ಅಕ್ಕನ ಕೆಲಸ. ತಪ್ಪಾದರೆ ಮೊದಲು ಮೆಮೊ ಬರುವುದು ಅವಳಿಗೆ, ನಿಮಗಲ್ಲ.

ಅದಕ್ಕೇ ಬಾಯಿಮಾತಿನ ಅನುಮತಿ ಮೇಲೆ ಕ್ಯಾಮೆರಾ ಎತ್ತಬೇಡಿ. ಮೆಡಿಕಲ್ ಸುಪರಿಂಟೆಂಡೆಂಟ್ ಮತ್ತು ಮೇಟ್ರನ್ ಇಬ್ಬರಿಗೂ ಒಂದು ಪುಟದ ಪತ್ರ ಕೊಡಿ: ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಯಾವ ಯಾವ ಜಾಗ, ಎಷ್ಟು ಜನ, ವಿಡಿಯೊ ಎಲ್ಲಿ ಹಾಕುತ್ತೇವೆ. ಹಾಕುವ ಮೊದಲು ತೋರಿಸುತ್ತೇವೆ ಅಂತಲೂ ಬರೆಯಿರಿ. ಆದರೆ ಯಾವುದಕ್ಕೆ ತೋರಿಸುತ್ತೀರಿ ಅನ್ನುವುದನ್ನೂ ಅಲ್ಲೇ ಬರೆಯಬೇಕು: ರೋಗಿಯ ಗುರುತು ಮತ್ತು ವೈದ್ಯಕೀಯ ತಪ್ಪು ತಿದ್ದುವುದಕ್ಕೆ. ಇದನ್ನು ಬರೆಯದಿದ್ದರೆ "ಸುಸ್ತಾಗಿದ್ದೀನಿ ಅಂದಿದ್ದನ್ನು ತೆಗೆಯಿರಿ, ಹೊಸ ಮೆಷಿನ್ ತೋರಿಸಿ" ಅಂತ ಶುರುವಾಗುತ್ತದೆ, ಕೊನೆಗೆ ಉಳಿಯುವುದು ಜಾಹೀರಾತು. ಅಕ್ಕನಿಗೆ ಆಸ್ಪತ್ರೆಯ ಮೇಲೆ ದೂರು ಇದ್ದರೆ ಅದಕ್ಕೆ ಈ ವಿಡಿಯೊ ಜಾಗ ಅಲ್ಲ. ಆದರೆ ಏಳು ಗಂಟೆಯಲ್ಲಿ ಎಷ್ಟು ಸಲ ಕೂತಳು, ಟೀ ಎಷ್ಟು ಹೊತ್ತಿಗೆ ಕುಡಿದಳು ಅನ್ನುವುದು ದೂರಲ್ಲ, ಅವಳ ದಿನ. ಅದನ್ನು ಬಿಟ್ಟುಕೊಡಬೇಡಿ.

ಅಕ್ಕನ ಗುಟ್ಟೂ ಇದೆಯಲ್ಲ. ಮನೆ ಬಿಡುವ ಹೊತ್ತು, ಯಾವ ಲೋಕಲ್, ಯಾವ ಸ್ಟೇಷನ್, ಯಾವ ಗೇಟ್, ಯಾವ ಪಾಳಿ, ಇವೆಲ್ಲ ಒಂದೇ ವಿಡಿಯೊದಲ್ಲಿ ಬಂದರೆ ಒಬ್ಬ ಹೆಣ್ಣುಮಗಳು ದಿನಾ ಎಲ್ಲಿ ಒಬ್ಬಳೇ ನಡೆಯುತ್ತಾಳೆ ಅಂತ ಊರಿಗೆಲ್ಲ ಹೇಳಿದ ಹಾಗೆ. ಬೆಳಗಿನ ಜಾವದ ಲೋಕಲ್ ಇರಲಿ, ಆದರೆ ಸ್ಟೇಷನ್ ಬೋರ್ಡ್ ಬೇಡ, ಪ್ಲಾಟ್‌ಫಾರ್ಮ್ ಅನೌನ್ಸ್‌ಮೆಂಟ್ ಬೇಡ. ನಿಮ್ಮ ಬಿಲ್ಡಿಂಗ್ ಹೆಸರು ಬೇಡ. ಲೇಡೀಸ್ ಡಬ್ಬಿಯಲ್ಲಿ ನಿದ್ದೆ ತೂಗುವ ಬೇರೆ ಹೆಂಗಸರ ಮುಖ ಕೂಡ ನಿಮ್ಮದಲ್ಲ. ಅವಳ ಮಡಿಲಲ್ಲಿರುವ ಬುತ್ತಿ ಚೀಲ, ಕಿಟಕಿಯಾಚೆ ಸರಿಯುವ ಬೆಳಕು ಸಾಕು. ಯೂನಿಫಾರ್ಮ್ ಹಾಕಿಕೊಂಡು ಅವಳನ್ನು ಲೋಕಲ್ಲಿಗೆ ಹತ್ತಿಸಬೇಡಿ. ವಾರ್ಡಿನ ಬಟ್ಟೆ ವಾರ್ಡಿಗೇ ಇರಬೇಕು, ಅವಳು ಆಸ್ಪತ್ರೆಗೆ ಹೋಗಿ ಬಟ್ಟೆ ಬದಲಾಯಿಸುವವಳಾದರೆ ವಿಡಿಯೊಗೋಸ್ಕರ ಅದನ್ನು ತಿರುಚಬಾರದು.

ಸ್ಕ್ರಿಪ್ಟ್ ಹಾಳೆಯಲ್ಲಿ ಸಾಮಾನ್ಯವಾಗಿ ದೃಶ್ಯಕ್ಕೆ ಒಂದು, ಸದ್ದಿಗೆ ಒಂದು, ಹೀಗೆ ಎರಡು ಕಾಲಂ ಇರುತ್ತವೆ. ಆ ಗಾಜಿನ ಕಪಾಟಿನ ಪ್ರಸಂಗ ಆದಮೇಲೆ ನಾನು ಮೂರನೆಯದು ಹಾಕುತ್ತೇನೆ, ಅದರ ತಲೆಯ ಮೇಲೆ "ಇದರಲ್ಲಿ ಯಾರಿದ್ದಾರೆ?" ಅಂತ ಬರೆಯುತ್ತೇನೆ. ಇನ್ನೊಂದು ಜೋಡಿ ಕೈ ಬಂತಾ? ಆ ಸಿಸ್ಟರ್ ಹೆಸರು, ಅವರು ಒಪ್ಪಿದ ತಾರೀಖು. ವರಾಂಡಾ ಬಂತಾ? ಹಿಂದೆ ಬೋರ್ಡ್ ಇದೆಯಾ, ಗಾಜು ಇದೆಯಾ, ಮಾನಿಟರ್ ಇದೆಯಾ. ಆ ಕಾಲಂ ಖಾಲಿ ಇರುವ ಶಾಟ್ ತೆಗೆಯುವುದಿಲ್ಲ. ಶೂಟ್ ಮಾಡುವ ಫೋನಿನಲ್ಲಿ ಫೋಟೊ ತಾನಾಗಿ ಕ್ಲೌಡಿಗೆ ಹೋಗುವುದನ್ನೂ ಲೊಕೇಶನ್ ಅನ್ನೂ ಮೊದಲೇ ಆಫ್ ಮಾಡಿ. ಬಳಸದ ತುಣುಕನ್ನು ಎಡಿಟ್ ಮುಗಿದ ದಿನವೇ ಅಳಿಸಿ. ಶೂಟಿನ ಮಧ್ಯೆ ಸ್ಟೇಟಸ್ ಹಾಕುವ ಆಸೆ ಆಗುತ್ತದೆ, ಬೇಡ.

ಎಡಿಟ್ ಮುಗಿದ ಮೇಲೆ ಮೂರು ಸಲ ನೋಡಿ. ಒಮ್ಮೆ ಸದ್ದು ತೆಗೆದು, ಒಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ, ಒಮ್ಮೆ ದೊಡ್ಡ ಪರದೆಯಲ್ಲಿ ಎರಡೆರಡು ಸೆಕೆಂಡಿಗೆ ನಿಲ್ಲಿಸಿ. ಮೊಬೈಲಿನಲ್ಲಿ ಚುಕ್ಕಿಯ ಹಾಗೆ ಕಂಡದ್ದು ಟಿವಿಯಲ್ಲಿ ಓದಲು ಬರುತ್ತದೆ. ಆಮೇಲೆ ಅದೇ ವಾರ್ಡಿನ ಇನ್ನೊಬ್ಬ ಸಿಸ್ಟರಿಗೆ ತೋರಿಸಿ, "ಯಾರು, ಯಾವಾಗ ಅಂತ ಏನಾದರೂ ಗೊತ್ತಾಗುತ್ತಾ" ಅಂತ ಮಾತ್ರ ಕೇಳಿ. ನಿಮಗೆ ಕಾಣದ್ದು ಅವರಿಗೆ ಕಾಣುತ್ತದೆ. ನಮ್ಮ ಆ ಮೂರು ಸೆಕೆಂಡನ್ನು ಅವತ್ತು ಯಾರಾದರೂ ಒಬ್ಬ ಸಿಸ್ಟರ್ ನೋಡಿದ್ದರೆ ತಕ್ಷಣ ಹಿಡಿಯುತ್ತಿದ್ದರು.

ಕೊನೆಯ ಸಲ ಅಕ್ಕನಿಗೆ. ಅವಳ ರಜೆಯ ದಿನ, ನಿದ್ದೆ ಆದ ಮೇಲೆ ತೋರಿಸಿ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಗ್ಗೆ ತೋರಿಸಿದರೆ ಎಲ್ಲದಕ್ಕೂ ಸರಿ ಅಂದುಬಿಡುತ್ತಾಳೆ. ಯಾವುದಾದರೂ ಶಾಟ್ ಬೇಡ ಅಂದರೆ ಕಾರಣ ಕೇಳದೆ ತೆಗೆಯಿರಿ, ವಿಡಿಯೊ ಒಂಬತ್ತು ನಿಮಿಷಕ್ಕೆ ಇಳಿದರೂ ಪರವಾಗಿಲ್ಲ.